ಒಂದು ಪದಕ್ಕೆ ಒಂದೇ ಕೆಲಸ

ದಾವೆ ಹೂಡಿದವರ ಆರೋಪಗಳಿಗೆ ಪ್ರತಿವಾದಿ ಎಷ್ಟು ದಿನದೊಳಗೆ ಉತ್ತರ ಬರೆದು ಕೋರ್ಟಿಗೆ ಕೊಡಬೇಕು? ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮ ಇದನ್ನು ಹೇಳುತ್ತದೆ. 2002ರ ತಿದ್ದುಪಡಿಯ ನಂತರ ಅದರ ಸಾರಾಂಶ ಹೀಗಿದೆ: ಸಮನ್ಸ್ ತಲುಪಿದ 30 ದಿನಗಳೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಬೇಕು, ಅಷ್ಟರಲ್ಲಿ ಸಲ್ಲಿಸದಿದ್ದರೆ, ಕೋರ್ಟು ಕಾರಣ ದಾಖಲಿಸಿ ಗೊತ್ತುಪಡಿಸುವ ಬೇರೊಂದು ದಿನ ಸಲ್ಲಿಸಲು ಅವರಿಗೆ ಅವಕಾಶ ಇರಬೇಕು, ಆ ದಿನ ಸಮನ್ಸ್ ತಲುಪಿದ 90 ದಿನಗಳನ್ನು ಮೀರಕೂಡದು. ಇಂಗ್ಲಿಷ್ ಮೂಲದಲ್ಲಿ ಈ ಮೂರು ಕಡೆಯೂ ಇರುವುದು ‘ಶಲ್’ ಎಂಬ ಒಂದೇ ಪದ. ಇಂಗ್ಲಿಷ್ ಕಾನೂನುಭಾಷೆಯಲ್ಲಿ ಅದಕ್ಕಿಂತ ಗಡುಸಾದ ಪದ ಇಲ್ಲವೆಂದು ನಂಬುವ ವಕೀಲರಿದ್ದಾರೆ.

ಆದರೂ 91ನೆಯ ದಿನ ಬಂದ ಲಿಖಿತ ಹೇಳಿಕೆಯ ಗತಿ ಏನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2005ರಲ್ಲಿ ಕೈಲಾಶ್ ಮತ್ತು ನನ್ಹ್ಕು ನಡುವಿನ ಪ್ರಕರಣದಲ್ಲಿ ಕೋರ್ಟು ಈ 90 ದಿನಗಳ ಮಿತಿ ಕಡ್ಡಾಯವಲ್ಲ, ಅದು ದಾರಿ ತೋರಿಸುವ ನಿಯಮ ಮಾತ್ರ ಎಂದು ತೀರ್ಮಾನಿಸಿತು. ವಿಳಂಬಕ್ಕೆ ಅಸಾಧಾರಣ ಕಾರಣವಿದ್ದರೆ ಕೋರ್ಟು 90 ದಿನ ದಾಟಿದ ಮೇಲೂ ಹೇಳಿಕೆಯನ್ನು ಸ್ವೀಕರಿಸಬಹುದು. ಕೋರ್ಟು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು, ಗಡುವು ಮೀರಿದರೆ ಏನಾಗುತ್ತದೆ ಎಂದು ನಿಯಮ ಎಲ್ಲಿಯೂ ಹೇಳಿಲ್ಲ ಎಂಬುದು.

ಹತ್ತು ವರ್ಷದ ನಂತರ, 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅದೇ ನಿಯಮವನ್ನು ವಾಣಿಜ್ಯ ವ್ಯಾಜ್ಯಗಳ ಮಟ್ಟಿಗೆ ಬದಲಿಸಿತು. 90 ದಿನ 120 ಆಯಿತು. ‘ಮೀರಕೂಡದು’ ಎಂಬ ಮಾತು ಹಾಗೆಯೇ ಉಳಿಯಿತು. ಅದರ ಬೆನ್ನಿಗೆ ಎರಡು ಮಾತು ಸೇರಿದವು: 120 ದಿನ ಕಳೆದ ಮೇಲೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕನ್ನು ಕಳೆದುಕೊಳ್ಳುತ್ತಾನೆ, ಕೋರ್ಟು ಅದನ್ನು ದಾಖಲೆಗೆ ತೆಗೆದುಕೊಳ್ಳಕೂಡದು. 2019ರಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಈ ಒಕ್ಕಣೆಯನ್ನು ಓದಿದ ಸುಪ್ರೀಂ ಕೋರ್ಟು, 120 ದಿನ ಕಟ್ಟುನಿಟ್ಟಾದ ಗಡುವು, ಅದನ್ನು ವಿಸ್ತರಿಸುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ ಎಂದಿತು.

ಎರಡು ಒಕ್ಕಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಬರೆಯುವವರೆಲ್ಲರೂ ಗಮನಿಸಬೇಕಾದ ಒಂದು ಅಂಶ ಕಾಣುತ್ತದೆ. ಹಳೆಯ ನಿಯಮದಲ್ಲಿ ‘ಮೀರಕೂಡದು’ ಎಂಬ ಕ್ರಿಯಾಪದದ ಕರ್ತೃ ‘ದಿನ’. ದಿನಕ್ಕೆ ಆಜ್ಞೆ ಮಾಡಲು ಬರುವುದಿಲ್ಲ. ಅದು ಮೀರಿತು ಎಂದು ಅದನ್ನು ಹೊಣೆ ಮಾಡಲೂ ಆಗುವುದಿಲ್ಲ. ಹೊಸ ನಿಯಮದಲ್ಲಿ ಸೇರಿದ ಎರಡು ಮಾತುಗಳ ಕರ್ತೃಗಳು ಪ್ರತಿವಾದಿ ಮತ್ತು ಕೋರ್ಟು. ಒಬ್ಬರು ಏನನ್ನು ಕಳೆದುಕೊಳ್ಳುತ್ತಾರೆ, ಇನ್ನೊಬ್ಬರು ಏನನ್ನು ಮಾಡುವಂತಿಲ್ಲ ಎಂಬುದು ಅಲ್ಲಿ ಸ್ಪಷ್ಟ. ‘ಶಲ್’ ಎರಡೂ ಕಡೆ ಇದೆ. ಬಲ ಬಂದದ್ದು ಆ ಪದದಿಂದಲ್ಲ. ಹೊಣೆ ಯಾರದು, ತಪ್ಪಿದರೆ ಏನು ಎಂದು ಬರೆದದ್ದರಿಂದ.

ಕರಾರು, ಸಂಘದ ನಿಯಮಾವಳಿ, ಟೆಂಡರ್ ಷರತ್ತು, ಕಚೇರಿಯ ಕೈಪಿಡಿ, ಇವುಗಳನ್ನು ಬರೆಯುವವರು ‘ಶಲ್’, ‘ಮಸ್ಟ್’, ‘ವಿಲ್’, ‘ಮೇ’ ಎಂಬ ನಾಲ್ಕು ಪದಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿ ಮುಂದೆ ಹೋಗುತ್ತಾರೆ. ನಾಲ್ಕರಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆ ಬಹಳ ನಡೆದಿದೆ. ನನ್ನ ವಾದ ಅದಕ್ಕಿಂತ ಹಿಂದಿನ ಹೆಜ್ಜೆಯದು: ಒಂದು ದಸ್ತಾವೇಜಿನೊಳಗೆ ಒಂದು ಪದಕ್ಕೆ ಒಂದೇ ಕೆಲಸ ಇರಬೇಕು, ಒಂದು ಕೆಲಸಕ್ಕೆ ಒಂದೇ ಪದ ಇರಬೇಕು, ಹೊಣೆ ಹೇಳುವ ವಾಕ್ಯದ ಕರ್ತೃ ಆ ಹೊಣೆಯನ್ನು ಹೊರಬಲ್ಲವರೇ ಆಗಿರಬೇಕು. ಇಷ್ಟನ್ನು ಪಾಲಿಸಿದರೆ ಯಾವ ಪದ ಆರಿಸಿಕೊಂಡರೂ ದಸ್ತಾವೇಜು ನಿಲ್ಲುತ್ತದೆ. ಪಾಲಿಸದಿದ್ದರೆ ಅತ್ಯಂತ ಬಿಗಿಯಾದ ಪದವೂ ಸಡಿಲಾಗುತ್ತದೆ.

‘ಶಲ್’ ಎಷ್ಟು ಬಗೆಯ ಕೆಲಸಕ್ಕೆ ದುಡಿಯುತ್ತಿದೆ ಎಂಬುದನ್ನು ನಮ್ಮ ಸಂವಿಧಾನದಲ್ಲೇ ನೋಡಬಹುದು. 1ನೇ ವಿಧಿಯ ಪ್ರಕಾರ ಇಂಡಿಯಾ, ಅಂದರೆ ಭಾರತ, ರಾಜ್ಯಗಳ ಒಕ್ಕೂಟ. ಇಂಗ್ಲಿಷಿನಲ್ಲಿ ಅಲ್ಲಿ ‘ಶಲ್ ಬಿ’ ಎಂದಿದೆ. ಅದು ಯಾರಿಗೂ ಕೊಟ್ಟ ಆಜ್ಞೆಯಲ್ಲ, ಒಂದು ಸ್ಥಿತಿಯ ಘೋಷಣೆ. 74ನೇ ವಿಧಿಯ 1ನೇ ಖಂಡಕ್ಕೆ ಬನ್ನಿ. ರಾಷ್ಟ್ರಪತಿಗೆ ನೆರವು ಮತ್ತು ಸಲಹೆ ನೀಡಲು ಮಂತ್ರಿಮಂಡಲ ಇರತಕ್ಕದ್ದು ಎಂಬಲ್ಲಿ ‘ಶಲ್’ ಒಂದು ಸಂಸ್ಥೆಯನ್ನು ಹುಟ್ಟಿಸುತ್ತದೆ. ಆ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದು ಎಂಬ ಮಾತನ್ನು 1976ರ 42ನೇ ತಿದ್ದುಪಡಿ ಸೇರಿಸಿತು. ಅಲ್ಲಿ ‘ಶಲ್’ ಒಬ್ಬ ವ್ಯಕ್ತಿಯ ಮೇಲೆ ಕರ್ತವ್ಯ ಹೊರಿಸುತ್ತದೆ. 1978ರ 44ನೇ ತಿದ್ದುಪಡಿ ಇನ್ನೊಂದು ಹೆಜ್ಜೆ ಇಟ್ಟಿತು. ಸಲಹೆಯನ್ನು ಮರುಪರಿಶೀಲಿಸುವಂತೆ ರಾಷ್ಟ್ರಪತಿ ಮಂತ್ರಿಮಂಡಲವನ್ನು ಕೇಳಬಹುದು, ಅಲ್ಲಿ ‘ಮೇ’; ಮರುಪರಿಶೀಲನೆಯ ನಂತರ ಬಂದ ಸಲಹೆಯಂತೆ ಮಾತ್ರ ನಡೆಯಲೇಬೇಕು, ಅಲ್ಲಿ ಮತ್ತೆ ‘ಶಲ್’.

44ನೇ ತಿದ್ದುಪಡಿಯ ಈ ಭಾಗ ಅಚ್ಚುಕಟ್ಟಾದ ಬರವಣಿಗೆ. ಕರ್ತೃ ಒಬ್ಬರೇ. ಎಲ್ಲಿ ಅವರ ವಿವೇಚನೆ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ‘ಮೇ’ ಮತ್ತು ‘ಶಲ್’ ಗೆರೆ ಎಳೆದು ತೋರಿಸುತ್ತವೆ. ಆದರೆ ಅದೇ ಖಂಡದ ಮೊದಲ ‘ಶಲ್’ ಕರ್ತವ್ಯ ಹೇಳುವುದಲ್ಲ ಎಂಬುದನ್ನು ಓದುಗರು ಸಂದರ್ಭದಿಂದ ತಿಳಿಯಬೇಕು. ಸಂವಿಧಾನವನ್ನು ಹೀಗೆ ಓದಿ ಅರ್ಥೈಸಲು ದೊಡ್ಡ ನ್ಯಾಯಪೀಠಗಳಿವೆ, ದಶಕಗಳ ತೀರ್ಪುಗಳಿವೆ. ಬಾಡಿಗೆ ಕರಾರಿಗೆ ಅಂಥ ಆಸರೆ ಇಲ್ಲ. ಅದನ್ನು ಓದುವವರು ಮನೆಯೊಡೆಯರು, ಬಾಡಿಗೆದಾರರು, ಜಗಳ ಬಂದಾಗ ಇಬ್ಬರ ನಡುವೆ ಕೂರುವ ಯಾರಾದರೊಬ್ಬರು.

ಆದ್ದರಿಂದ ಬಾಡಿಗೆ ಕರಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ 11 ತಿಂಗಳ ಅವಧಿಗೆ ಇಂಗ್ಲಿಷಿನಲ್ಲಿ ಬರೆಸುವ ಕರಾರು ಹೇಗಿರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತು. ಅಂಥದ್ದೊಂದರಲ್ಲಿ ಈ ಏಳು ಕಲಮುಗಳಿವೆ ಎಂದುಕೊಳ್ಳಿ. ಬಾಡಿಗೆದಾರರು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಬಾಡಿಗೆ ಕೊಡಬೇಕು: ‘ಶಲ್ ಪೇ’. ವಿದ್ಯುತ್ ಬಿಲ್ಲನ್ನು ಬಾಡಿಗೆದಾರರು ಕಟ್ಟುವುದು: ‘ವಿಲ್ ಪೇ’. ಮನೆ ಬಿಡುವ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕು: ‘ಮಸ್ಟ್ ಗಿವ್’. ಅಡ್ವಾನ್ಸ್ ಹಣ 30 ದಿನದೊಳಗೆ ಹಿಂತಿರುಗಿಸಲ್ಪಡತಕ್ಕದ್ದು: ‘ಶಲ್ ಬಿ ರಿಫಂಡೆಡ್’. ಒಂದು ಕಾರು ನಿಲ್ಲಿಸಲು ಬಾಡಿಗೆದಾರರಿಗೆ ಹಕ್ಕು ಇರತಕ್ಕದ್ದು: ‘ಶಲ್ ಬಿ ಎಂಟೈಟಲ್ಡ್’. ಒಳಬಾಡಿಗೆಗೆ ಕೊಡುವಂತಿಲ್ಲ: ‘ಮೇ ನಾಟ್ ಸಬ್‌ಲೆಟ್’. ‘ಅವಧಿ’ ಎಂದರೆ 11 ತಿಂಗಳು ಎಂದರ್ಥವಾಗತಕ್ಕದ್ದು: ‘ಶಲ್ ಮೀನ್’.

ಇದನ್ನು ತಿದ್ದಲು ಕೂರುವವರು ಮೊದಲು ಕರಾರನ್ನು ಓದಬಾರದು. ಈ ನಾಲ್ಕು ಪದಗಳು ಬರುವ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು, ಅವುಗಳ ಕರ್ತೃ ಮತ್ತು ಕ್ರಿಯಾಪದಗಳನ್ನು ಮಾತ್ರ ಒಂದು ಹಾಳೆಗೆ ಇಳಿಸಬೇಕು. ಆಗ ಕಣ್ಣಿಗೆ ಬೀಳುವ ಮೊದಲ ತೊಡಕು, ಮೊದಲ ಮೂರು ಕಲಮುಗಳ ಮೂರು ಬೇರೆ ಪದಗಳು. ಬಾಡಿಗೆ, ವಿದ್ಯುತ್ ಬಿಲ್, ನೋಟಿಸ್, ಈ ಮೂರೂ ಒಬ್ಬರದೇ ಹೊಣೆ, ಒಂದೇ ತೂಕದ ಹೊಣೆ. ಬರೆದವರು ಮಾತು ಮರುಕಳಿಸದಿರಲೆಂದು ಪದ ಬದಲಿಸಿರಬಹುದು. ಆದರೆ ಒಂದೇ ದಸ್ತಾವೇಜಿನಲ್ಲಿ ಪದ ಬದಲಾದರೆ ಅರ್ಥವೂ ಬದಲಾಗಿದೆ ಎಂದು ಮೊದಲಿಗೆ ಭಾವಿಸುವುದು ಕಾನೂನು ಓದುವವರ ರೂಢಿ. ವಿದ್ಯುತ್ ಬಿಲ್ ಬಾಕಿ ಉಳಿದ ದಿನ ಬಾಡಿಗೆದಾರರ ಕಡೆಯವರು ಕೇಳಬಹುದಾದ ಪ್ರಶ್ನೆ ಸಹಜವಾದದ್ದೇ: ಬಾಡಿಗೆಗೆ ‘ಶಲ್’, ನೋಟಿಸಿಗೆ ‘ಮಸ್ಟ್’ ಬಳಸಿದವರು ಇಲ್ಲಿ ಮಾತ್ರ ‘ವಿಲ್’ ಬಳಸಿದ್ದೇಕೆ? ಅದು ಕರಾರಿನ ಷರತ್ತೋ, ಮುಂದೆ ಹೀಗೆ ನಡೆಯುತ್ತದೆ ಎಂಬ ಬರೀ ವಿವರಣೆಯೋ? ಕೊನೆಗೆ ಈ ವಾದ ಸೋಲಬಹುದು. ಆದರೆ ಅದನ್ನು ಸೋಲಿಸಲು ಸಮಯವೂ ಹಣವೂ ಖರ್ಚಾಗುತ್ತವೆ. ಕಥೆ ಕವಿತೆಗಳಲ್ಲಿ ಪದವೈವಿಧ್ಯ ಗುಣ. ಹೊಣೆ ಹೇಳುವ ಬರಹದಲ್ಲಿ ಅದು ದೋಷ.

ಎರಡನೆಯ ತೊಡಕು ಅಡ್ವಾನ್ಸ್ ಹಣದ್ದು. ‘ಹಿಂತಿರುಗಿಸಲ್ಪಡತಕ್ಕದ್ದು’ ಎಂಬ ವಾಕ್ಯದ ಕರ್ತೃಸ್ಥಾನದಲ್ಲಿ ಕೂತಿರುವುದು ಹಣ. ಕೊಡಬೇಕಾದವರು ಯಾರು? ಮನೆಯೊಡೆಯರೇ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಈ ನಡುವೆ ಮನೆ ಮಾರಾಟವಾಗಿದ್ದರೆ ಹೊಸ ಒಡೆಯರೋ ಹಳೆಯವರೋ? ಅಡ್ವಾನ್ಸ್ ಏಜೆಂಟರ ಕೈಯಲ್ಲಿದ್ದರೆ ಅವರೋ? 30 ದಿನ ಯಾವತ್ತಿನಿಂದ, ಅವಧಿ ಮುಗಿದ ದಿನದಿಂದಲೋ ಬೀಗದ ಕೈ ಒಪ್ಪಿಸಿದ ದಿನದಿಂದಲೋ? ಕರ್ಮಣಿ ಪ್ರಯೋಗ ಈ ಪ್ರಶ್ನೆಗಳನ್ನೆಲ್ಲ ಮುಚ್ಚಿಡುತ್ತದೆ. ‘ಬಾಡಿಗೆದಾರರು ಬೀಗದ ಕೈ ಒಪ್ಪಿಸಿದ 30 ದಿನಗಳೊಳಗೆ ಮನೆಯೊಡೆಯರು ಅಡ್ವಾನ್ಸ್ ಹಿಂತಿರುಗಿಸಬೇಕು, ತಡವಾದರೆ, ತಡವಾದ ಪ್ರತಿ ತಿಂಗಳಿಗೆ ಬಾಕಿ ಹಣದ ಮೇಲೆ ಶೇ 1ರಂತೆ ಬಡ್ಡಿ ಕೊಡಬೇಕು’ ಎಂದು ಬರೆದರೆ ಕರ್ತೃ ಬಂದರು, ದಿನದ ಎಣಿಕೆ ಬಂತು, ತಪ್ಪಿದರೆ ಏನು ಎಂಬುದೂ ಬಂತು. 120 ದಿನಗಳ ನಿಯಮ ಗೆದ್ದದ್ದು ಇದೇ ದಾರಿಯಲ್ಲಿ.

ಇನ್ನುಳಿದ ‘ಶಲ್’ಗಳಿಗೆ ಅಮೆರಿಕದ ಕಾನೂನು ಬರವಣಿಗೆಯ ಪರಿಣತ ಬ್ರಯಾನ್ ಗಾರ್ನರ್ ಪ್ರಚಾರಕ್ಕೆ ತಂದ ಒಂದು ಪರೀಕ್ಷೆ ಸಾಕು. ‘ಶಲ್’ ಇರುವ ಕಡೆ ‘ಇಂಥದ್ದನ್ನು ಮಾಡುವ ಕರ್ತವ್ಯ ಹೊಂದಿದ್ದಾರೆ’ ಎಂದು ಹಾಕಿ ಓದುವುದು. ‘ಬಾಡಿಗೆದಾರರು ಬಾಡಿಗೆ ಕೊಡುವ ಕರ್ತವ್ಯ ಹೊಂದಿದ್ದಾರೆ’ ಎಂಬುದಕ್ಕೆ ಅರ್ಥವಿದೆ, ಅಲ್ಲಿ ‘ಶಲ್’ ಉಳಿಯಬಹುದು. ‘ಬಾಡಿಗೆದಾರರು ಹಕ್ಕು ಹೊಂದುವ ಕರ್ತವ್ಯ ಹೊಂದಿದ್ದಾರೆ’ ಎಂಬುದಕ್ಕೆ ಅರ್ಥವಿಲ್ಲ. ಅದು ಅನುಮತಿ, ಆದ್ದರಿಂದ ‘ಒಂದು ಕಾರು ನಿಲ್ಲಿಸಬಹುದು’, ಅಂದರೆ ‘ಮೇ’. ‘ಅವಧಿ ಎಂಬ ಪದ ಅರ್ಥ ಕೊಡುವ ಕರ್ತವ್ಯ ಹೊಂದಿದೆ’ ಎಂಬುದಕ್ಕೂ ಅರ್ಥವಿಲ್ಲ. ವ್ಯಾಖ್ಯೆಗೆ ವರ್ತಮಾನ ಕಾಲ ಸಾಕು: ‘ಅವಧಿ ಎಂದರೆ 11 ತಿಂಗಳು’. ಈ ಜರಡಿ ಹಿಡಿದರೆ ಸಾಮಾನ್ಯ ಕರಾರಿನ ‘ಶಲ್’ಗಳಲ್ಲಿ ಗಣನೀಯ ಪಾಲು ಉದುರಿಹೋಗುತ್ತದೆ. ಉಳಿದದ್ದೆಲ್ಲ ನಿಜವಾದ ಹೊಣೆ. ಅವುಗಳಿಗೆ ಒಂದೇ ಪದವನ್ನು ಗೊತ್ತು ಮಾಡಿ ಎಲ್ಲ ಕಡೆ ಅದನ್ನೇ ಹಾಕಬಹುದು.

ಇನ್ನು ‘ಮೇ ನಾಟ್’. ಇಂಗ್ಲಿಷಿನಲ್ಲಿ ಇದಕ್ಕೆ ‘ಅನುಮತಿ ಇಲ್ಲ’ ಎಂಬ ಅರ್ಥವೂ ಇದೆ, ‘ಮಾಡದೆ ಇರಬಹುದು’ ಎಂಬ ಅರ್ಥವೂ ಇದೆ. ಒಳಬಾಡಿಗೆಯ ವಿಷಯದಲ್ಲಿ ಗೊಂದಲಕ್ಕೆ ಎಡೆ ಕಡಿಮೆ. ಆದರೆ ‘ಸಮಿತಿಯು ಅರ್ಜಿಯನ್ನು ಪರಿಗಣಿಸದಿರಬಹುದು’ ಎಂಬಂಥ ಅರ್ಥ ಬರಬೇಕಾದಲ್ಲಿ ‘ಮೇ ನಾಟ್’ ಬರೆದರೆ, ಅದು ಸಮಿತಿಗೆ ಕೊಟ್ಟ ಆಯ್ಕೆಯೋ ಹಾಕಿದ ನಿಷೇಧವೋ ಹೇಳುವುದು ಕಷ್ಟ. ನಿಷೇಧಕ್ಕೆ ‘ಮಸ್ಟ್ ನಾಟ್’ ಅಥವಾ ‘ಶಲ್ ನಾಟ್’ ಎಂಬುದನ್ನು ಮಾತ್ರ ಬಳಸಿ, ಆಯ್ಕೆಯನ್ನು ‘ಪರಿಗಣಿಸಬೇಕಾಗಿಲ್ಲ’ ಎಂದು ಬಿಡಿಸಿ ಹೇಳುವುದು ಕ್ಷೇಮ.

‘ಮೇ’ ಎಂಬ ಪುಟ್ಟ ಪದದ ಬೆಲೆ ಎಷ್ಟಿರಬಹುದು ಎಂಬುದಕ್ಕೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಪ್ರಕರಣವೊಂದಿದೆ. ಈಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯ ಜೊತೆ ಗುತ್ತಿಗೆ ಮಾಡಿಕೊಂಡಿದ್ದ ಜಂಟಿ ಉದ್ಯಮವೊಂದು ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಬೇಕೆಂದು ಕೇಳಿತು. ಗುತ್ತಿಗೆಯ ಕಲಮಿನಲ್ಲಿ, ಮೊದಲು ಸಂಸ್ಥೆಯ ಅಧಿಕಾರಿಗಳ ಮಟ್ಟದಲ್ಲಿ ಬಗೆಹರಿಸಿಕೊಳ್ಳಬೇಕು, ಆಮೇಲೂ ಭಿನ್ನಾಭಿಪ್ರಾಯ ಉಳಿದರೆ ಮಧ್ಯಸ್ಥಿಕೆ ಕಾಯ್ದೆಯ ಮೂಲಕ ಪರಿಹಾರ ಕೋರಬಹುದು ಎಂಬ ಅರ್ಥದ ಮಾತಿತ್ತು. ‘ಕೋರಬಹುದು’ ಎಂಬಲ್ಲಿದ್ದ ಪದ ‘ಮೇ’. ಕೋರ್ಟಿನ ಪ್ರಕಾರ ಇದು ಮಧ್ಯಸ್ಥಿಕೆಗೆ ಹೋಗಲೇಬೇಕೆಂದು ಇಬ್ಬರನ್ನೂ ಕಟ್ಟಿಹಾಕುವ ಒಪ್ಪಂದವಲ್ಲ. ಮುಂದೆ ಇಬ್ಬರೂ ಒಪ್ಪಿದರೆ ಆ ದಾರಿಯನ್ನು ಹಿಡಿಯಬಹುದು ಎಂಬ ಸೂಚನೆ ಮಾತ್ರ. ಒಬ್ಬರು ಒಪ್ಪದಿದ್ದ ಮೇಲೆ ಆ ಕಲಮಿನಿಂದ ಮಧ್ಯಸ್ಥಗಾರರ ನೇಮಕ ಸಾಧ್ಯವಾಗಲಿಲ್ಲ.

ಇಂಥ ಕಲಮು ಬರೆಯುವವರ ಮನಸ್ಸಿನಲ್ಲಿ ಎರಡು ಆಲೋಚನೆಗಳಲ್ಲಿ ಒಂದು ಇರುತ್ತದೆ. ಇಬ್ಬರಲ್ಲಿ ಯಾರು ಬೇಕಾದರೂ ಮಧ್ಯಸ್ಥಿಕೆಯನ್ನು ಕೇಳಬಹುದು, ಒಬ್ಬರು ಕೇಳಿದರೆ ಇನ್ನೊಬ್ಬರು ಬರಲೇಬೇಕು ಎಂಬುದು ಒಂದು. ಇಬ್ಬರೂ ಆಮೇಲೆ ಯೋಚಿಸಿ ನಿರ್ಧರಿಸೋಣ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಒಂದು ಅನುಮತಿ ಮತ್ತು ಒಂದು ಹೊಣೆ, ಎರಡೂ ಇವೆ, ಆದ್ದರಿಂದ ಅದಕ್ಕೆ ಎರಡು ಕ್ರಿಯಾಪದ ಬೇಕು: ‘ಯಾವುದೇ ಪಕ್ಷ ನೋಟಿಸ್ ಕೊಟ್ಟು ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಬಹುದು, ನೋಟಿಸ್ ಬಂದ ಮೇಲೆ ಎರಡೂ ಪಕ್ಷಗಳು ವಿವಾದವನ್ನು ಮಧ್ಯಸ್ಥಿಕೆಯಲ್ಲೇ ಬಗೆಹರಿಸಿಕೊಳ್ಳಬೇಕು’. ಒಂದು ‘ಮೇ’ ಎರಡರ ಕೆಲಸವನ್ನೂ ಮಾಡಲಾರದು. ಅನುಮತಿ ಕೊಡುವಾಗಲೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇವರು ಇದನ್ನು ಮಾಡಬಹುದಾದರೆ, ಇದಿರಿನವರು ಏನು ಮಾಡಬೇಕು?

ಹಾಗಾದರೆ ಹೊಣೆಗೆ ಯಾವ ಪದ? ಇಲ್ಲಿ ಪರಂಪರೆಗಳು ಬೇರೆಬೇರೆ. ದಕ್ಷಿಣ ಆಫ್ರಿಕಾದ 1993ರ ಮಧ್ಯಂತರ ಸಂವಿಧಾನ ‘ಶಲ್’ ಬಳಸಿತ್ತು, 1996ರ ಸಂವಿಧಾನ ‘ಮಸ್ಟ್’ಗೆ ಬದಲಾಯಿತು. ಆಸ್ಟ್ರೇಲಿಯಾದ ಶಾಸನಗಳಲ್ಲಿ ಈಗ ‘ಮಸ್ಟ್’ ರೂಢಿ. ಬ್ರಿಟಿಷ್ ಸಂಸತ್ತಿನ ಕರಡು ಬರೆಯುವವರೂ ‘ಶಲ್’ ತಪ್ಪಿಸುತ್ತಾರೆ. ಅಂತರರಾಷ್ಟ್ರೀಯ ಮಾನಕಗಳನ್ನು ರೂಪಿಸುವ ಐಎಸ್ಒ ಸಂಸ್ಥೆಯ ನಿಯಮ ಇದಕ್ಕೆ ಪೂರ್ತಿ ವಿರುದ್ಧ: ಅವಶ್ಯಕತೆಗೆ ‘ಶಲ್’, ಶಿಫಾರಸಿಗೆ ‘ಶುಡ್’, ಅನುಮತಿಗೆ ‘ಮೇ’, ಅವಶ್ಯಕತೆ ಹೇಳಲು ‘ಮಸ್ಟ್’ ಬಳಸುವಂತಿಲ್ಲ. ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳಿಗೆ 1997ರಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ RFC 2119 ‘ಮಸ್ಟ್’ ಮತ್ತು ‘ಶಲ್’ ಎರಡಕ್ಕೂ ಒಂದೇ ಅರ್ಥ ಎಂದು ಸಾರಿತು. ಆ ಪದಗಳು ದೊಡ್ಡಕ್ಷರದಲ್ಲಿದ್ದಾಗ ಮಾತ್ರ ಆ ವಿಶೇಷ ಅರ್ಥ ಎಂದು 2017ರಲ್ಲಿ RFC 8174 ಸ್ಪಷ್ಟಪಡಿಸಬೇಕಾಯಿತು. ಈ ಪದ್ಧತಿಗಳು ಒಂದಕ್ಕೊಂದು ಒಪ್ಪುವುದಿಲ್ಲ, ಆದರೂ ತಮ್ಮ ತಮ್ಮ ಮನೆಯೊಳಗೆ ಪ್ರತಿಯೊಂದೂ ಸರಿಯಾಗಿ ನಡೆಯುತ್ತಿದೆ. ಏಕೆಂದರೆ ಪದದ ಕೆಲಸವನ್ನು ಮೊದಲೇ ಗೊತ್ತುಮಾಡಿ, ಅದರಾಚೆ ಅದನ್ನು ಬಳಸುವುದಿಲ್ಲ ಎಂದು ಅವು ಒಪ್ಪಿಕೊಂಡಿವೆ.

ಹೊಸದಾಗಿ ಬರೆಯುವ ಕರಾರು, ನಿಯಮಾವಳಿಗಳಿಗೆ ನಾನು ‘ಮಸ್ಟ್’ ಪರ. ಅದು ಜನ ದಿನನಿತ್ಯ ಆಡುವ ಪದ, ಹೊಣೆಯನ್ನಲ್ಲದೆ ಘೋಷಣೆಯನ್ನೋ ವ್ಯಾಖ್ಯೆಯನ್ನೋ ಹೇಳಲು ಅದು ಒಗ್ಗುವುದಿಲ್ಲ. ‘ಅವಧಿ ಎಂಬುದು 11 ತಿಂಗಳು ಎಂಬ ಅರ್ಥ ಕೊಡಲೇಬೇಕು’ ಎಂದು ಬರೆಯಹೊರಟರೆ ಬರೆಯುವವರಿಗೇ ತಪ್ಪು ತಿಳಿಯುತ್ತದೆ. ‘ಶಲ್’ ಹಾಕಿದಾಗ ತಿಳಿಯುವುದಿಲ್ಲ. ‘ವಿಲ್’ ಅನ್ನು ಮುಂದೆ ತಾನಾಗಿ ಆಗುವ ಸಂಗತಿಗಳಿಗೆ ಮೀಸಲಿಡುವುದು ಒಳ್ಳೆಯದು: ‘ಈ ಕರಾರು ಮಾರ್ಚ್ 31ಕ್ಕೆ ಮುಗಿಯುವುದು’. ಸರಿಸಮಾನರ ನಡುವಿನ ಕರಾರಿನಲ್ಲಿ ‘ಮಸ್ಟ್’ ದರ್ಪದಂತೆ ಕೇಳುತ್ತದೆ, ಆದ್ದರಿಂದ ಎರಡೂ ಕಡೆಯ ಹೊಣೆಗಳಿಗೆ ‘ವಿಲ್’ ಇರಲಿ ಎನ್ನುವವರಿದ್ದಾರೆ. ಕರಾರಿನುದ್ದಕ್ಕೂ, ಇಬ್ಬರಿಗೂ, ಎಲ್ಲ ಹೊಣೆಗೂ ಅದನ್ನೇ ಬಳಸಿದರೆ ನನ್ನ ಆಕ್ಷೇಪವಿಲ್ಲ. ಒಬ್ಬರ ಹೊಣೆಗೆ ‘ಶಲ್’, ಇನ್ನೊಬ್ಬರದಕ್ಕೆ ‘ವಿಲ್’ ಎಂದಾದರೆ ಅದು ಸೌಜನ್ಯವಲ್ಲ, ಬಲವಿದ್ದವರು ತಮಗಿಟ್ಟುಕೊಂಡ ಸಡಿಲು. ಬ್ಯಾಂಕು, ಬಿಲ್ಡರು, ದೊಡ್ಡ ಸಂಸ್ಥೆಗಳು ಅಚ್ಚು ಹಾಕಿಸಿ ಕೊಡುವ ಕರಾರುಗಳನ್ನು ಓದುವಾಗ ಈ ಹಂಚಿಕೆಯನ್ನು ತಪ್ಪದೆ ನೋಡಬೇಕು.

‘ಶಲ್’ಗೆ ನ್ಯಾಯಾಲಯಗಳು ಶತಮಾನಗಳಿಂದ ಅರ್ಥ ಕಟ್ಟಿಕೊಟ್ಟಿವೆ, ಅದನ್ನು ಬಿಟ್ಟರೆ ಆ ಭದ್ರತೆ ಹೋಗುತ್ತದೆ ಎಂಬುದು ಎದುರು ವಾದ. ಅದರಲ್ಲಿ ಅರ್ಧ ಸತ್ಯವಿದೆ. ಕಟ್ಟಿಕೊಟ್ಟ ಅರ್ಥ ಒಂದೇ ಅಲ್ಲ ಎಂಬುದನ್ನು 90 ಮತ್ತು 120 ದಿನಗಳ ಕಥೆಯೇ ತೋರಿಸುತ್ತದೆ. ಆದರೆ ಹಳೆಯ ಪಠ್ಯದಲ್ಲಿ ಬೇರೂರಿದ ಪದವನ್ನು ಕೀಳುವುದು ಹೊಸದರಲ್ಲಿ ಆರಿಸಿದಷ್ಟು ಸುಲಭವಲ್ಲ ಎಂಬುದು ನಿಜ. ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳನ್ನು 2007ರಲ್ಲಿ ಸರಳ ಭಾಷೆಗೆ ಇಳಿಸಿದಾಗ ‘ಶಲ್’ಗಳನ್ನೆಲ್ಲ ತೆಗೆದುಹಾಕಿದರು. ವಾಸ್ತವಾಂಶಗಳ ಬಗ್ಗೆ ನಿಜವಾದ ತಕರಾರು ಇಲ್ಲದಿದ್ದರೆ ವಿಚಾರಣೆಯಿಲ್ಲದೆ ತೀರ್ಪು ಕೊಡುವುದನ್ನು ಹೇಳುವ 56ನೇ ನಿಯಮದಲ್ಲಿ 1938ರಿಂದ ಇದ್ದ ‘ಶಲ್’ ಹೋಗಿ ‘ಶುಡ್’ ಬಂತು. ಶೈಲಿ ಮಾತ್ರ ಬದಲಾಗಿದೆ, ಅರ್ಥವಲ್ಲ ಎಂಬುದು ಆಶಯ. ಆದರೆ ‘ಶುಡ್’ ಎಂದರೆ ನ್ಯಾಯಾಧೀಶರಿಗೆ ಆಯ್ಕೆ ಇದೆಯೇ ಎಂಬ ಪ್ರಶ್ನೆ ಎದ್ದಿತು. ‘ಮಸ್ಟ್’ ಹಾಕಿದರೆ ಇದ್ದ ಅಲ್ಪ ವಿವೇಚನೆಯೂ ಹೋದೀತು ಎಂಬ ಭಯ ಇನ್ನೊಂದು ಕಡೆ. ಕೊನೆಗೆ 2010ರಲ್ಲಿ ಆ ಒಂದು ನಿಯಮಕ್ಕೆ ‘ಶಲ್’ ಮರಳಿ ಬಂತು.

ಇದರಿಂದ ನಾನು ತಿಳಿಯುವುದು ‘ಶಲ್’ ಅನಿವಾರ್ಯ ಎಂದಲ್ಲ. ಇರುವ ಕರಾರಿಗೆ ಒಂದು ಕಲಮು ಸೇರಿಸುವವರು ಆ ಕರಾರಿನ ಪದವನ್ನೇ ಬಳಸಬೇಕು. ಮೂಲದಲ್ಲಿ ಎಲ್ಲ ಹೊಣೆಗೂ ‘ಶಲ್’ ಇದ್ದು, ತಿದ್ದುಪಡಿಯಲ್ಲಿ ಮಾತ್ರ ‘ಮಸ್ಟ್’ ಬಂದರೆ, ಆ ವ್ಯತ್ಯಾಸಕ್ಕೆ ಯಾರಾದರೂ ಅರ್ಥ ಹುಡುಕಿಯೇ ಹುಡುಕುತ್ತಾರೆ. ಬದಲಿಸುವುದಾದರೆ ಇಡೀ ದಸ್ತಾವೇಜನ್ನು ಒಟ್ಟಿಗೆ, ಒಂದೊಂದು ಜಾಗವನ್ನೂ ಪರೀಕ್ಷಿಸಿ ಬದಲಿಸಬೇಕು. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ‘ಶಲ್’ಗಳನ್ನೂ ‘ಮಸ್ಟ್’ ಮಾಡಿದರೆ ವ್ಯಾಖ್ಯೆಗಳೂ ಘೋಷಣೆಗಳೂ ಅನುಮತಿಗಳೂ ಆಜ್ಞೆಗಳಾಗಿ ನಿಲ್ಲುತ್ತವೆ.

ಕನ್ನಡದಲ್ಲಿ ಕರಾರು, ನಿಯಮ, ಆದೇಶ ಬರೆಯುವವರಿಗೂ ಈ ಶಿಸ್ತು ಅಷ್ಟೇ ಬೇಕು. ನಮ್ಮ ಕಾನೂನುಗನ್ನಡದ ‘ತಕ್ಕದ್ದು’ ಕೂಡ ‘ಶಲ್’ನಂತೆಯೇ ಎಲ್ಲ ಕಡೆ ದುಡಿಯುತ್ತದೆ: ಅಧಿಕಾರಿ ಪರಿಶೀಲಿಸತಕ್ಕದ್ದು ಎಂಬುದು ಹೊಣೆ, ಕಾಯ್ದೆ ಕೂಡಲೇ ಜಾರಿಗೆ ಬರತಕ್ಕದ್ದು ಎಂಬುದು ಘೋಷಣೆ. ಅದರ ಜೊತೆಗೆ ನಮ್ಮ ಸುತ್ತೋಲೆಗಳಲ್ಲಿ ‘ಸಲ್ಲಿಸಬೇಕು’, ‘ಸಲ್ಲಿಸುವುದು’, ‘ಸಲ್ಲಿಸಲು ಸೂಚಿಸಿದೆ’, ‘ಸಲ್ಲಿಸಲು ಕೋರಿದೆ’ ಎಂಬ ನಾಲ್ಕು ರೂಪಗಳು ಒಂದೇ ಪುಟದಲ್ಲಿ ಬರುತ್ತವೆ. ಕೆಳಗಿನ ಕಚೇರಿಯವರು ಯಾವುದು ಕಡ್ಡಾಯ, ಯಾವುದು ವಿನಂತಿ ಎಂದು ಊಹಿಸುತ್ತ ಕೂರಬೇಕು. ‘ಬಹುದು’ ಕೂಡ ಇಬ್ಬಗೆಯದು: ‘ಸದಸ್ಯರು ಸಭೆಗೆ ಬರಬಹುದು’ ಎಂಬುದು ಅನುಮತಿಯೂ ಹೌದು, ಊಹೆಯೂ ಹೌದು. ನನ್ನ ಸಲಹೆ ಸರಳ. ಹೊಣೆಗೆ ‘ಬೇಕು’, ನಿಷೇಧಕ್ಕೆ ‘ಕೂಡದು’, ಅನುಮತಿಗೆ ‘ಬಹುದು’, ಆಯ್ಕೆಗೆ ‘ಬೇಕಾಗಿಲ್ಲ’, ವ್ಯಾಖ್ಯೆ ಮತ್ತು ಘೋಷಣೆಗೆ ಬರೀ ವರ್ತಮಾನ. ಊಹೆಗೆ ‘ಬಹುದು’ ಬೇಡ, ‘ಸಾಧ್ಯತೆ ಇದೆ’ ಎಂದೇ ಬರೆಯಬೇಕು. ‘ತಕ್ಕದ್ದು’ ರೂಢಿಯಾಗಿರುವ ಕಚೇರಿಯಲ್ಲಿ ‘ಬೇಕು’ ಬದಲು ಅದನ್ನೇ ಉಳಿಸಿಕೊಳ್ಳಲಿ, ಆದರೆ ಹೊಣೆಗೆ ಮಾತ್ರ. ಎರಡು ಭಾಷೆಗಳಲ್ಲಿ ಒಟ್ಟಿಗೆ ಹೊರಡುವ ದಸ್ತಾವೇಜಾದರೆ, ಇಂಗ್ಲಿಷಿನ ಯಾವ ಪದಕ್ಕೆ ಕನ್ನಡದ ಯಾವ ರೂಪ ಎಂದು ಬರೆಯುವ ಮೊದಲೇ ಪಟ್ಟಿ ಮಾಡಿಕೊಳ್ಳಬೇಕು; ಎರಡನ್ನೂ ಬೇರೆಬೇರೆಯವರು ಬರೆದಾಗಲೇ ಒಂದರ ಕಡ್ಡಾಯ ಇನ್ನೊಂದರಲ್ಲಿ ಅನುಮತಿಯಾಗುವುದು.

ಇಷ್ಟೆಲ್ಲ ಮಾಡಿದರೂ ಪದವೊಂದೇ ವಿವಾದವನ್ನು ತಡೆಯಲಾರದು. ಕಾಯ್ದೆಯ ಉದ್ದೇಶ, ಅದು ಯಾರನ್ನು ಕಾಪಾಡಲು ಬಂದದ್ದು, ಕಟ್ಟುನಿಟ್ಟಾಗಿ ಓದಿದರೆ ಯಾರಿಗೆ ಅನ್ಯಾಯವಾಗುತ್ತದೆ, ಇವನ್ನೆಲ್ಲ ನ್ಯಾಯಾಲಯಗಳು ನೋಡುತ್ತವೆ, ನೋಡಲೇಬೇಕು. 1880ರಲ್ಲಿ ಜೂಲಿಯಸ್ ಮತ್ತು ಆಕ್ಸ್‌ಫರ್ಡ್ ಬಿಷಪ್ ನಡುವಿನ ಪ್ರಕರಣದಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಒಂದು ತತ್ವ ಹೇಳಿತು. ಅನುಮತಿಯ ಪದ ತನ್ನಷ್ಟಕ್ಕೆ ಅಧಿಕಾರವನ್ನಷ್ಟೇ ಕೊಡುತ್ತದೆ, ಆದರೆ ಆ ಅಧಿಕಾರವನ್ನು ಕೊಟ್ಟ ಸಂದರ್ಭವೇ ಅದನ್ನು ಚಲಾಯಿಸುವ ಕರ್ತವ್ಯವನ್ನೂ ಹೊರಿಸಬಹುದು. ನಮ್ಮ ನ್ಯಾಯಾಲಯಗಳೂ ಇದನ್ನು ಅನುಸರಿಸಿವೆ. ಹಾಗಾಗಿ ‘ಅರ್ಹರಿಗೆ ಅಧಿಕಾರಿ ಪರವಾನಗಿ ಕೊಡಬಹುದು’ ಎಂದು ಬರೆಯುವವರು, ಅರ್ಹತೆ ಇದ್ದೂ ನಿರಾಕರಿಸುವ ಸ್ವಾತಂತ್ರ್ಯ ಅಧಿಕಾರಿಗೆ ನಿಜಕ್ಕೂ ಇರಬೇಕೇ ಎಂದು ಯೋಚಿಸಬೇಕು. ಇರಬೇಕೆಂದಾದರೆ ಯಾವ ಕಾರಣಗಳಿಗೆ ಎಂದು ಬರೆಯಬೇಕು. ಬೇಡವೆಂದಾದರೆ ‘ಕೊಡಬೇಕು’ ಎಂದೇ ಬರೆಯಬೇಕು. ಬರೆದವರು ನಿರ್ಧರಿಸದೆ ಬಿಟ್ಟದ್ದನ್ನು ಮುಂದೊಂದು ದಿನ ಬೇರೆ ಯಾರೋ ನಿರ್ಧರಿಸುತ್ತಾರೆ. ಅಲ್ಲಿಯವರೆಗಿನ ಖರ್ಚು ಪರವಾನಗಿ ಸಿಗದೆ ಕಾಯುತ್ತಿರುವ ಅರ್ಜಿದಾರರದ್ದು, ಅಡ್ವಾನ್ಸ್ ಸಿಗದ ಬಾಡಿಗೆದಾರರದ್ದು. ಅವರ ಪಾಲಿನ ಈ ಖರ್ಚನ್ನು ಉಳಿಸುವುದು ಬರೆಯುವವರ ಕೈಯಲ್ಲಿದೆ. ಸಹಿಗೆ ಕಳಿಸುವ ಮುನ್ನ ಕರ್ತೃ ಮತ್ತು ಕ್ರಿಯಾಪದಗಳ ಆ ಒಂದು ಹಾಳೆಯನ್ನು ಬರೆದು, ಪ್ರತಿ ಸಾಲಿಗೂ ಯಾರು, ಏನು, ತಪ್ಪಿದರೆ ಏನು ಎಂದು ಕೇಳಿ ಉತ್ತರ ಸಿಗದ ಸಾಲನ್ನು ತಿದ್ದಿದರೆ ಸಾಕು.